ಮೊದಲನೇದರಲ್ಲಿ ಕಳೆಯದ ಒಂದು

ಇಚಲಕರಂಜಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತ ಕಲಿಸುವ ಭೂಪಾಲ ಸರ್ ಮಹಾ ಸಂಶಯದ ಪ್ರಾಣಿ. ಹುಡುಗರು ಕೆಮ್ಮಿದರೂ ಸನ್ನೆ ಎನ್ನುವ ಪೈಕಿ. ಕಿರುಪರೀಕ್ಷೆಯ ಪೇಪರು ತಿದ್ದಲು ಕೂತವರಿಗೆ ಅಂದು ಹಬ್ಬವೇ ಸಿಕ್ಕಿತು. ಹಿಂದೆಮುಂದೆ ಕೂತಿದ್ದ ಸೋನಲ ಮತ್ತು ಪ್ರತೀಕ, ಇಬ್ಬರದೂ ಒಂದೇ ತಪ್ಪು ಉತ್ತರ.

ಪ್ರಶ್ನೆ: y″ + 3y′ + 2y = 0, y(0) = 1, y′(0) = 0. ಬರಬೇಕಾದದ್ದು 2e⁻ᵗ − e⁻²ᵗ. ಇವರು ಬರೆದದ್ದು −e⁻ᵗ + 2e⁻²ᵗ.

ಕಾಪಿ ಎಂದು ವರದಿ ಹೋದರೆ ಆ ವರ್ಷದ ಪರೀಕ್ಷೆಗೇ ಕೂರಿಸುವುದಿಲ್ಲ. ಸರ್ ವರದಿ ಬರೆದಿಟ್ಟೇ ಸೋನಲಳನ್ನು ಕರೆಸಿದರು. ಶಹಾಪುರದ ನೇಕಾರರ ಮನೆಯ ಹುಡುಗಿ. ಹೆದರಿದ್ದಳು, ತಲೆ ಮಾತ್ರ ತಗ್ಗಿಸಲಿಲ್ಲ.

“ಯಾರದ್ದ ನೋಡಿ ಬರದಿ?”

“ಯಾರದ್ದೂ ನೋಡಿಲ್ರಿ ಸರ್. t ಸೊನ್ನಿ ಹಾಕಿ ತಾಳೆನೂ ನೋಡೇನ್ರಿ. ಒಂದ ಬರ್ತೈತಿ.”

ಅದು ನಿಜವಿತ್ತು. ಸರ್‌ಗೆ ಇನ್ನಷ್ಟು ಸಿಟ್ಟು ಬಂತು. ತಾಳೆ ನೋಡುವಷ್ಟು ಜಾಣ ಕಳ್ಳರನ್ನು ಕಂಡರೆ ಅವರಿಗೆ ಸುತರಾಂ ಆಗದು.

“y ತಾಳೆ ಆತು. y′ ಯಾರ ನೋಡಬೇಕು? ಸೊನ್ನಿ ಇರೂದು ಬಿಟ್ಟು ಮೈನಸ್ ಮೂರ ಬರ್ತೈತಿ. ಇಲ್ಲೇ ಮಾಡ ಇದನ್ನ.” ಅವರು 3, 2 ತೆಗೆದು 5, 6 ಹಾಕಿಕೊಟ್ಟು ಎದುರಿಗೇ ಕೂತರು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಸೋನಲ ವರ್ಗದಲ್ಲಿ ಕಲಿತ ಲಾಪ್ಲಾಸ್ ವಿಧಾನದಲ್ಲೇ ಬರೆದಳು. y″ಗೆ s²Y − s. ಸರಿ. y′ಗೆ ಬರೀ sY. ಅಲ್ಲಿ sY − 1 ಆಗಬೇಕಿತ್ತು. ಐದರಿಂದ ಗುಣಿಸಿದ ಆ ಒಂದು ಬಲಕ್ಕೆ ಹೋಗಿ Yಯ ಭಿನ್ನರಾಶಿಯ ಮೇಲ್ಭಾಗದಲ್ಲಿ s + 5 ಬರಬೇಕಿತ್ತು. ಅವಳಿಗೆ ಬರೀ s ಉಳಿಯಿತು. ಕೆಳಗಿನ (s+2)(s+3) ಬಿಡಿಸಿ, ಒಂದು ಭಿನ್ನರಾಶಿಯನ್ನು ಎರಡು ಮಾಡಿ, −2e⁻²ᵗ + 3e⁻³ᵗ ಎಂದು ನೀಟಾಗಿ ಮುಗಿಸಿದಳು. ತಪ್ಪು ಅದೇ, ಆದರೆ ನೋಡಿ ಬರೆಯಲು ಪಕ್ಕದಲ್ಲಿ ಯಾರೂ ಇಲ್ಲ.

“ಮೊದಲನೇ ಡೆರಿವೇಟಿವ್‌ದಾಗ y(0) ಯಾಕ ಕಳೀಲಿಲ್ಲ?”

“ಅದರಾಗ ಕಳಿಯೂದಿಲ್ಲಲ್ರಿ. ಬೋರ್ಡಿನ ಮ್ಯಾಲ ಯಾವಾಗೂ ಬರೀ sY ಇರ್ತೈತ್ರಿ. ಎರಡನೇದರಾಗ ಅಷ್ಟ ಸೂತ್ರ ಪೂರ್ತಿ ಬರದು s·y(0), y′(0) ಎರಡೂ ಕಳಿತೀರಿ ನೀವು.”

ಸರ್ ತಮ್ಮ ನೋಟ್ಸು ತೆರೆದು ನೋಡಿದರು. ಲೆಕ್ಕ ಬೇಗ ಮುಗಿಯಲೆಂದು ವರ್ಗದಲ್ಲಿ ಅವರು ಕೊಟ್ಟಿದ್ದೆಲ್ಲ y(0) = 0 ಇದ್ದ ಲೆಕ್ಕಗಳೇ. ಮೊದಲನೇದರಲ್ಲಿ ಬರೀ ಸೊನ್ನೆ ಕಳೆಯುವುದನ್ನು ಬರೆಯುವವರು ಯಾರು? ಅವರಿಗೆ ನಿಜಕ್ಕೂ ನಾಚಿಕೆಯಾಯಿತು. ತಿದ್ದದೆ ಉಳಿದ ಪೇಪರುಗಳನ್ನು ಎಳೆದುಕೊಂಡು ತಿರುವಿದರು. ಅಭಯನದು ಬರೀ sY. ರುತುಜಾಳದು ಬರೀ sY. ಆಕೆ ಕೂತದ್ದು ಕಿಟಕಿಯ ಹತ್ತಿರ, ಸೋನಲ, ಪ್ರತೀಕ ಇಬ್ಬರಿಂದಲೂ ದೂರ.

ವರದಿಯನ್ನು ಹರಿದು ಬುಟ್ಟಿಗೆ ಹಾಕಿದರು.

“ನಾ ಹೋಗಲೇನ್ರಿ ಸರ್?” ಸೋನಲ ಪೆನ್ನು ಮುಚ್ಚಿ ಎದ್ದಳು.

“ಹೋಗವಾ. ಪ್ರತೀಕಗೂ ಹೇಳು, ಹೆದರಬ್ಯಾಡ ಅಂತ. ಕಾಪಿ ಎಲ್ಲಾರೂ ಹೊಡದೀರಿ, ಆದರ ನಂದ ನೋಡಿ ಹೊಡದೀರಿ.”