ಕ್ಲೀನ್ ಕಾಪಿ

ಆಷಾಢದ ಗಾಳಿ ಹೆಬ್ಬಾಳ ಕೆರೆಯ ಮೇಲಿಂದ ಎದ್ದು, ಫ್ಲೈಓವರಿನ ಕಂಬಗಳ ನಡುವೆ ನುಗ್ಗಿ, ವಿಮಾ ಕಚೇರಿಯ ಮೂರನೇ ಮಹಡಿಯ ಕಿಟಕಿಗಳನ್ನು ಬಡಿಯುತ್ತಿತ್ತು. ಬೆಳಿಗ್ಗೆಯ ಟಪಾಲು ಆಗಲೇ ಬಂದಿತ್ತು. ರಮಾ ಕಿಟಕಿ ಮುಚ್ಚಿ, ಹಾರುತ್ತಿದ್ದ ಕಾಗದಗಳ ಮೇಲೆ ಟಿಫನ್ ಡಬ್ಬಿಯನ್ನೇ ಭಾರವಿಟ್ಟು, ಕ್ಲೇಮಿನ ಕಡತಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.

ಅವಳದು ಮರೈನ್ ವಿಭಾಗ. ಹೆಸರು ಸಮುದ್ರದ್ದಾದರೂ ಹಡಗಿನಿಂದಿಳಿದ ಮಾಲು ಲಾರಿಯಲ್ಲಿ ಬಂದು ಗೋಡೌನು ಸೇರುವವರೆಗಿನ ಕಷ್ಟನಷ್ಟವೆಲ್ಲ ಅದರೊಳಗೇ ಬರುತ್ತಿತ್ತು. ಶೆಟ್ಟಿಹಳ್ಳಿಯಲ್ಲಿ ರಾಗಿ ಹೊಲ ಉತ್ತವರ ಮನೆಯಲ್ಲಿ ಹುಟ್ಟಿದವಳಿಗೆ ಇದು ಒಗ್ಗಿದ್ದೇ ಒಂದು ಸೋಜಿಗ. ಹೊಲಗಳು ಸೈಟುಗಳಾದ ಮೇಲೂ ಅವರ ಮನೆಯಲ್ಲಿ ಮಳೆಯೆಂದರೆ ಮೊದಲು ನೆನಪಾಗುವುದು ಕಣದಲ್ಲಿ ನೆನೆಯುವ ಮಾಲು. ಹಾಗಾಗಿ ನೆನೆದ ಮಾಲಿನ ಸಂಕಟ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಹಿಂದಿನ ತಿಂಗಳು ಮುಖ್ಯ ಕಚೇರಿಯಿಂದ ಹೊಸ ದಾಖಲೆ ಪಟ್ಟಿಯೊಂದು ಇಂಗ್ಲಿಷಿನಲ್ಲಿ ಬಂದಿತ್ತು. ಸರಕು ನಷ್ಟದ ಕ್ಲೇಮು ಬಂದರೆ ಯಾವ ಯಾವ ಕಾಗದ ಕೇಳಬೇಕು ಎಂಬ ಪಟ್ಟಿ. ಮ್ಯಾನೇಜರ್ ವೇಣುಗೋಪಾಲ್ ಅದನ್ನು ಅವಳ ಮುಂದಿಟ್ಟು, "ಕೌಂಟರ್‌ನೋರಿಗೆ ಅರ್ಥ ಆಗೋ ಹಾಗೆ ಕನ್ನಡದಲ್ಲಿ ಒಂದು ಮೆಮೋ ಮಾಡ್ಕೊಡಿ, ನಿಮ್ ಹೆಸರಲ್ಲೇ ಹೋಗ್ಲಿ" ಅಂದಿದ್ದರು. ರಮಾ ಒಂದು ವಾರ ಕೂತು ಬರೆದಳು. ಪಾಲಿಸಿ, ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಹಡಗಿಗೆ ಮಾಲು ಹತ್ತಿಸಿದ ರಸೀದಿಯಾದ ಬಿಲ್ ಆಫ್ ಲೇಡಿಂಗ್, ಲಾರಿಯ ರಸೀದಿಯಾದ ಎಲ್.ಆರ್., ನಷ್ಟ ಅಳೆದ ಸರ್ವೇಯರ್ ವರದಿ, ಸಾಗಣೆದಾರನಿಗೆ ಕೊಟ್ಟ ನೋಟಿಸಿನ ಪ್ರತಿ, ಕೊನೆಗೆ ಪರಿಹಾರ ಪಡೆದವರು ಸಾಗಣೆದಾರನಿಂದ ವಸೂಲು ಮಾಡುವ ತಮ್ಮ ಹಕ್ಕನ್ನು ಕಂಪನಿಗೆ ವಹಿಸಿಕೊಡುವ ಪತ್ರ. ಪ್ರತಿಯೊಂದರ ಮುಂದೆ ಅದು ಯಾಕೆ ಬೇಕು ಎಂದು ಒಂದು ಸಾಲು. ಯಲಹಂಕ ಶಾಖೆಯ ಕೌಂಟರಿನವರು ಅದನ್ನು ಗೋಡೆಗೆ ಅಂಟಿಸಿದರು. ಸುದ್ದಿ ತಾಯಿ ಮಾರಮ್ಮನಿಗೂ ಮುಟ್ಟಿ, "ಆಫೀಸ್ನೋರು ನನ್ ಮಗಳು ಬರ್ದಿದ್ ಕಾಗ್ದಾನ ಗ್ವಾಡೆಗ್ ಅಂಟ್ಸವ್ರೆ ಕಣವ್ವ, ಇಂಗೆ ಯಾರ್ಗೂ ಆಗಿಲ್ಲ" ಎಂದು ಬೀದಿಯೆಲ್ಲ ಹೇಳಿಕೊಂಡು ಬಂದಳು. ರಮಾ ಬೈದಳು, ಆದರೆ ಒಳಗೊಳಗೇ ಹಿಗ್ಗಿದ್ದು ಸುಳ್ಳಲ್ಲ.

ಇವತ್ತು ಕೈಗೆ ಬಂದದ್ದು ಆರ್.ಟಿ. ನಗರದ ಜೈನಾಬ್ ಅವರ ಕಡತ. ಅಗರಬತ್ತಿ ಮಾಡುವವರು. ಹೊರದೇಶದಿಂದ ಬಿದಿರುಕಡ್ಡಿ ತರಿಸಿದ್ದರು. ಚೆನ್ನೈ ಬಂದರಿನಿಂದ ಲಾರಿಯಲ್ಲಿ ಬರುವಾಗ ಹರಿದ ಟಾರ್ಪಾಲಿನಿಂದ ಮಳೆ ಇಳಿದು ಬಂಡಲುಗಳು ನೆನೆದು ಬೂಷ್ಟು ಹಿಡಿದಿದ್ದವು. ಸಾಗಣೆದಾರನ ನೋಟಿಸೊಂದು ಬಾಕಿಯಿತ್ತು, ಉಳಿದ ಕಾಗದಗಳೆಲ್ಲ ತನ್ನ ಮೆಮೋದ ಕ್ರಮದಲ್ಲೇ ಇದ್ದವು. ನೋಡಿ ಅವಳಿಗೆ ಸಂತೋಷವಾಯಿತು. ಎಲ್.ಆರ್. ಅಂತೂ ಹೊಸ ನೋಟಿನ ಹಾಗಿತ್ತು, ಒಂದು ಕಲೆಯಿಲ್ಲ, ಮಡಿಕೆಯಿಲ್ಲ. ಆಮೇಲೆ ಅದರ ತಳದ ಸಾಲು ಓದಿದಳು. 'ಮಾಲು ಸುಸ್ಥಿತಿಯಲ್ಲಿ ತಲುಪಿದೆ.'

ಸರ್ವೇಯರ್ ವರದಿಯನ್ನು ಅದರ ಪಕ್ಕಕ್ಕಿಟ್ಟು ನೋಡಿದಳು.

"ಶಿವಪುತ್ರ, ಸ್ವಲ್ಪ ಬನ್ನಿ ಇಲ್ಲಿ."

ವಿಜಯಪುರದ ಕಡೆಯಿಂದ ಬಂದು ಎರಡು ವರ್ಷದಿಂದ ಪಕ್ಕದ ಮೇಜಿನಲ್ಲಿರುವ ಶಿವಪುತ್ರ ಚಹಾದ ಲೋಟ ಹಿಡಿದೇ ಬಂದ.

"ಮಾಲು ನೆಂದಿದೆ ಅಂತ ಸರ್ವೇಯರ್ ಬರೆದಿದ್ದಾರೆ. ಎಲ್.ಆರ್. ನೋಡಿದ್ರೆ ಚೆನ್ನಾಗ್ ಬಂತು ಅಂತಿದೆ. ಇದ್ಯಾವ ಕಾಪಿ?"

"ಮೊದಲ ಕೊಟ್ಟಿದ್ದು ಬಾಳ ಹೊಲಸಿತ್ರಿ ಅಕ್ಕಾರ. ಮಳಿ ನೀರಾಗ ನೆನದು, ಅದರ ಮ್ಯಾಲ ಯಾರೋ ಗೀಚಿ, ಡ್ರೈವರ್ ಸಹಿ ಬ್ಯಾರೆ. ಹಂಗಾಗಿ ವಾಪಸ್ ಕಳಿಸಿ ಕ್ಲೀನ್ ಕಾಪಿ ತರ್ರಿ ಅಂದೆ."

"ಗೀಚಿದ್ದು ಏನಂತ?"

"ನಲವತ್ತು ಬಂಡಲ್ ನೆಂದಾವು ಅಂತ."

"ಅಯ್ಯೋ ಮಾರಾಯ, ನಮಗೆ ಬೇಕಾಗಿದ್ದೇ ಆ ಗೀಚು."

ಶಿವಪುತ್ರನ ಮುಖ ಸಣ್ಣದಾಯಿತು. ಹೋಗಿ ತನ್ನ ಮೇಜಿನಿಂದ ಮೆಮೋ ತಂದು ಬೆರಳಿಟ್ಟು ತೋರಿಸಿದ. "ನೀವ ಬರದೀರಲ್ರಿ. ಎಲ್.ಆರ್., ಕ್ಲೀನ್ ಕಾಪಿ ಪಡೆಯುವುದು."

ಓದಲು ಬರುವಂಥ ಪ್ರತಿ ಎಂಬ ಅರ್ಥದಲ್ಲಿ ಅವಳು ಆ ಪದ ಹಾಕಿದ್ದಳು. ಆದರೆ ಸರಕಿನ ವ್ಯವಹಾರದಲ್ಲಿ ಕ್ಲೀನ್ ಅಂದರೆ ಷರಾ ಇಲ್ಲದ್ದು, ದೂರಿಲ್ಲದ್ದು. ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡುವವಳಿಗೆ ಅದು ಹೊಳೆಯದೆ ಹೋಗಿತ್ತು. ಇಳಿಸಿಕೊಳ್ಳುವಾಗ ಬರೆದ ಷರಾ ಇಲ್ಲದಿದ್ದರೆ ಲಾರಿಯವನು 'ನಿಮ್ಮ ಗೋಡೌನಲ್ಲೇ ನೆಂದಿರಬೇಕು' ಎಂದು ಕೈತೊಳೆದುಕೊಳ್ಳುತ್ತಾನೆ. ಕೊಟ್ಟ ಪರಿಹಾರವನ್ನು ಕಂಪನಿ ಅವನಿಂದ ವಸೂಲು ಮಾಡುವ ದಾರಿ ಮುಚ್ಚಿದ್ದು ಜೈನಾಬರ ತಪ್ಪಿನಿಂದ ಎಂದು ಅವರ ಪರಿಹಾರಕ್ಕೂ ಕತ್ತರಿ ಬೀಳಬಹುದು. ತಾನು ಬರೆದ ಒಂದು ಪದಕ್ಕೆ ಆ ಹೆಂಗಸು ದಂಡ ತೆರಬೇಕು.

ಫೋನು ಮಾಡಿದಾಗ ಜೈನಾಬ್ ನಗುತ್ತಲೇ ಹೇಳಿದರು. "ಯಶವಂತಪುರದ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಹೋಗಿದ್ದೆ ಮೇಡಂ. ಪಾಪ, ಒಳ್ಳೆ ಜನ. ಹಳೇದು ಕೊಡಿ, ಹೊಸದು ಸೀಲ್ ಹಾಕಿ ಕೊಡ್ತೀವಿ ಅಂದ್ರು. ಟೀ ಕೂಡ ಕುಡಿಸಿದ್ರು."

"ಹಳೇದು ಅವರ ಹತ್ರಾನೇ ಇದೆಯಾ?"

"ಇಲ್ಲ, ಹರಿದು ಬುಟ್ಟಿಗೆ ಹಾಕಿದ್ರು. ಯಾಕೆ ಮೇಡಂ, ಏನಾದ್ರೂ ತೊಂದ್ರೆನಾ?"

ರಮಾ ಮರೆಮಾಚಲಿಲ್ಲ. "ತೊಂದ್ರೆ ನಮ್ಮಿಂದ ಆಗಿದೆ ಜೈನಾಬ್ ಅವರೇ. ಸರಿ ಮಾಡಿ ನಾನೇ ಹೇಳ್ತೀನಿ."

ಫೋನಿಟ್ಟು ಅವಳು ಕಡತ ಮತ್ತೆ ಬಿಡಿಸಿದಳು. ಆಮೇಲೆ ಶಿವಪುತ್ರನ ಕಡೆ ತಿರುಗಿ, "ನೀವು ವಾಪಸ್ ಕಳಿಸಿದ್ದು ಕಾಗದಾನಾ, ಮೇಲ್‌ನಲ್ಲಾ?" ಎಂದು ಕೇಳಿದಳು.

"ಮೇಲ್‌ನಾಗ್ರಿ. ಅವರು ಫೋಟೋ ಹೊಡದು ಕಳಿಸಿದ್ರು, ಬ್ಯಾಡಂತ ಉತ್ತರ ಬರದೆ." ಹೇಳುತ್ತಲೇ ಅವನು ಕಂಪ್ಯೂಟರಿಗೆ ಓಡಿದ.

ಮಾಲು ಇಳಿದ ಸಂಜೆಯೇ ಜೈನಾಬ್ ಕಳಿಸಿದ್ದ ಮೇಲ್ ಇತ್ತು. ಫೋಟೋದಲ್ಲಿ ಕೆಸರು, ನೀರಿನ ಕಲೆ, ಅದರ ನಡುವೆ ನೀಲಿ ಶಾಯಿಯಲ್ಲಿ ನೆಂದ ಬಂಡಲುಗಳ ಮಾತು, ಕೆಳಗೆ ಡ್ರೈವರನ ಸಹಿ ಮತ್ತು ಲಾರಿಯ ನಂಬರು. ಶಿವಪುತ್ರ ಪರದೆಗೆ ಕೈ ಮುಗಿದ. "ಹೊಲಸು ಅಂತ ಬೈದದ್ದು ಈಗ ದೇವರಾಗೇತ್ರಿ."

"ಡಿಲೀಟ್ ಮಾಡ್ದೆ ಬಿಟ್ರಲ್ಲ, ಅದಕ್ಕೆ ನಿಮ್ಗೆ ಹೋಳಿಗೆ ಊಟ."

ಮೂಲ ಪ್ರತಿಯ ತೂಕ ಫೋಟೋಕ್ಕಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ತಾರೀಖು ಸಹಿತ ಮೇಲ್, ಅದಕ್ಕೆ ಸರ್ವೇಯರ್ ವರದಿಯ ಜೊತೆ. ನಿಲ್ಲುವಂಥದ್ದೇ. ಸಾಗಣೆದಾರನಿಗೆ ನೋಟಿಸು ಕೊಡುವ ಗಡುವೂ ಮುಗಿದಿರಲಿಲ್ಲ. ಜೈನಾಬರಿಂದ ಅಂದೇ ನೋಟಿಸು ಬರೆಸಿ ರಿಜಿಸ್ಟರ್ಡ್ ಅಂಚೆಗೆ ಹಾಕಿಸಿದಳು.

ವೇಣುಗೋಪಾಲ್ ಎಲ್ಲ ಕೇಳಿ ಕನ್ನಡಕ ತೆಗೆದು ಒರೆಸಿದರು. "ಆಗಿದ್ ಆಯ್ತು ರಮಾ. ಮೆಮೋ ಫೈಲಲ್ಲಿ ಆ ಪದ ಬದಲಾಯಿಸಿ ಇಟ್ಬಿಡಿ. ಯಾರಿಗೂ ಗೊತ್ತಾಗಲ್ಲ."

"ಗೊತ್ತಾಗ್ಬೇಕು ಸರ್. ಗೋಡೆಗೆ ಅಂಟಿಸಿದ್ದಾರೆ. ಅದನ್ನ ನೋಡಿ ಇನ್ನೆಷ್ಟು ಜನಾನ ವಾಪಸ್ ಕಳಿಸಿದ್ದಾರೋ."

"ಬೇರೆ ಬ್ರಾಂಚ್‌ನೋರು ಆಡ್ಕೋತಾರೆ ಕಣ್ರೀ."

"ಆಡ್ಕೊಳ್ಳಲಿ. ಅದು ನನ್ ಹೆಸರಲ್ಲಿ ಹೋಗಿರೋ ಕಾಗದ. ತಿದ್ದೋದೂ ನನ್ ಹೆಸರಲ್ಲೇ ಹೋಗ್ಲಿ."

ಮಧ್ಯಾಹ್ನದೊಳಗೆ ಎರಡನೆಯ ಮೆಮೋ ಹೊರಟಿತು. 'ಹಿಂದಿನ ಮೆಮೋದಲ್ಲಿ ಕ್ಲೀನ್ ಕಾಪಿ ಎಂದು ನಾನು ಬರೆದದ್ದು ತಪ್ಪು. ಮಾಲು ಇಳಿಸಿಕೊಂಡಾಗ ಷರಾ ಬರೆದು ಡ್ರೈವರ್ ಸಹಿ ಹಾಕಿದ ಎಲ್.ಆರ್. ಪ್ರತಿಯನ್ನೇ ಪಡೆಯಿರಿ. ಕೊಳೆಯಾಗಿದ್ದರೂ ಹರಿದಿದ್ದರೂ ಅದನ್ನು ಬದಲಿಸಲು ಯಾರನ್ನೂ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ನನಗೆ ಫೋನು ಮಾಡಿ. ರಮಾ.'

ಮೊದಲ ಫೋನು ಯಲಹಂಕದಿಂದಲೇ ಬಂತು. ಬಿಂದುಶ್ರೀ ಎಂಬ ಹುಡುಗಿ. "ಅಕ್ಕಾ, ಒಬ್ಬರು ಈಗಷ್ಟೇ ಮೆಟ್ಟಿಲಿಳಿದು ಟ್ರಾನ್ಸ್‌ಪೋರ್ಟ್‌ಗೆ ಹೊರಟಿದ್ರು. ಓಡ್ಹೋಗಿ ಕರ್ಕೊಂಡ್ ಬಂದೆ."

"ಒಳ್ಳೇ ಕೆಲ್ಸ ಮಾಡ್ದೆ ಕಣಮ್ಮ" ಅಂದಳು ರಮಾ. ಮೊದಲ ಮೆಮೋ ಗೋಡೆ ಸೇರಿದ ದಿನಕ್ಕಿಂತ ಈ ಮಾತು ಆಡುವಾಗ ಅವಳ ಎದೆ ಹೆಚ್ಚು ಉಬ್ಬಿತ್ತು.

ಶ್ರಾವಣ ಕಳೆಯುವಷ್ಟರಲ್ಲಿ ಜೈನಾಬರ ಪರಿಹಾರ ಕಡಿತವಿಲ್ಲದೆ ಮಂಜೂರಾಯಿತು. ಹಕ್ಕು ವಹಿಸುವ ಪತ್ರಕ್ಕೆ ಸಹಿ ಹಾಕಲು ಅವರೇ ಬಂದರು. ಯಶವಂತಪುರದ ಸಾಗಣೆದಾರ ಮಾತ್ರ ನೋಟಿಸಿಗೆ 'ನಮ್ಮಲ್ಲಿ ಸುಸ್ಥಿತಿಯ ರಸೀದಿ ಇದೆ' ಎಂದು ಎರಡು ಸಾಲಿನ ಉತ್ತರ ಬರೆದು ಕೂತಿದ್ದ.

"ಇವ ಕೊಡೋದು ಡೌಟ್ರಿ ಅಕ್ಕಾರ" ಅಂದ ಶಿವಪುತ್ರ.

"ಕೊಡ್ದೆ ಎಲ್ಲಿಗ್ ಹೋಗ್ತಾನೆ" ಎಂದು ರಮಾ ಕಡತವನ್ನು ವಕೀಲರಿಗೆ ಕಳಿಸುವ ಗುಂಪಿಗೆ ಸೇರಿಸಿದಳು. ಅವನಿಂದ ಬರಬೇಕಾದ ದುಡ್ಡು ಇನ್ನೂ ಬಂದಿಲ್ಲ.