ಗೆರೆಯ ಕೆಳಗಿನ ಎಚ್ಚರಿಕೆ

"ನಿಲ್ಸು. ಅಲ್ಲೇ ನಿಲ್ಸು."

ತಮ್ಮ ಕೀಲಿ ಒತ್ತಿದ. ಲ್ಯಾಪ್‌ಟಾಪಿನ ಪರದೆಯ ಮೇಲೆ ಅಕ್ಕನ ಮುಖ ಬಾಯಿ ಅರ್ಧ ತೆರೆದು, ಒಂದು ಕಣ್ಣು ಮುಚ್ಚಿ, ಇನ್ನೇನು ಸೀನುವವಳ ಹಾಗೆ ನಿಂತುಹೋಯಿತು. ಅದೇ ಮುಖ ಅವನ ಕುರ್ಚಿಯ ಹಿಂದೆಯೂ ನಿಂತಿತ್ತು. ಆಸ್ಪತ್ರೆಯ ಗುರುತಿನ ಚೀಟಿ ಇನ್ನೂ ಕೊರಳಲ್ಲೇ ಇತ್ತು.

"ಇದು ನಾನು ಮಾತಾಡಿದ್ದು. ಜನ ನೋಡಿದ್ದನ್ನ ತೋರ್ಸು."

"ಎರಡೂ ಒಂದೇ ಅಕ್ಕ."

"ತೋರ್ಸೋ."

ಅದು ಮನೆಯ ಸಾಮಾನಿನ ಕೋಣೆ. ಮಾತು ಮಾರ್ದನಿಸಬಾರದೆಂದು ಗೋಡೆಗಳಿಗೆ ಹಳೆಯ ಹಾಸಿಗೆಗಳನ್ನು ಒರಗಿಸಿದ್ದರಿಂದ ಒಳಗೆ ಯಾರು ಏನು ಹೇಳಿದರೂ ಹತ್ತಿಯಲ್ಲಿ ಹೂತ ಹಾಗೆ ಕೇಳುತ್ತಿತ್ತು. ತಮ್ಮ ಇಲ್ಲೇ ಕೂತು ಜಿಮ್ಮಿನ ಮಾಸ್ಟರಿಗೆ ಪುಟ್ಟ ಪುಟ್ಟ ವಿಡಿಯೋ ಕತ್ತರಿಸಿ ಕೊಡುತ್ತಿದ್ದ. ಬಸ್ಕಿ ಹೊಡೆಯುವುದು ಹೇಗೆ, ಬೆಳಗ್ಗೆ ಏನು ತಿನ್ನಬೇಕು, ಹೊಟ್ಟೆ ಕರಗುವುದು ಯಾವಾಗ. ಊಟದ ವಿಷಯ ಬಂದಾಗ ಆಸ್ಪತ್ರೆಯಲ್ಲಿ ಡಯಟೀಷಿಯನ್ ಆಗಿದ್ದ ಅಕ್ಕನನ್ನು ಕೂರಿಸಿಕೊಳ್ಳುತ್ತಿದ್ದರು. ಜಾಲತಾಣದಲ್ಲಿ ಯಾರುಯಾರೋ ಬಾಯಿಗೆ ಬಂದದ್ದು ಹೇಳುತ್ತಾರೆ, ಒಬ್ಬಳಾದರೂ ಓದಿದವಳು ಹೇಳಲಿ ಎಂದು ಅವಳು ಒಪ್ಪಿದ್ದಳು.

ಇವತ್ತು ಬೆಳಗ್ಗೆ ಚಿಕ್ಕಮ್ಮ ಅಡುಗೆಮನೆಯಲ್ಲಿ ಕುಸಿದು ಬಿದ್ದಿದ್ದರು. ಬೆವರಿನಲ್ಲಿ ತೊಯ್ದು, ಎದುರಿಗಿದ್ದವರ ಗುರುತು ಸಿಗದೆ, ಬಲಗೈ ಮಣಿಕಟ್ಟು ಮುರಿದುಕೊಂಡು ಆಸ್ಪತ್ರೆಗೆ ಬಂದಾಗ ರಕ್ತದಲ್ಲಿ ಸಕ್ಕರೆ ತಳ ಕಂಡಿತ್ತು. ನರಕ್ಕೆ ಗ್ಲೂಕೋಸ್ ಹಾಕಿದ ಮೇಲೆ ಕಣ್ಣು ಬಿಟ್ಟು ಅಕ್ಕನನ್ನು ನೋಡಿ, "ನೀನು ಹೇಳಿದ ಹಾಗೇ ಮಾಡಿದ್ನಲ್ಲೇ" ಎಂದಿದ್ದರು. ಹಿಂದಿನ ಸಂಜೆಯಿಂದ ಏನೂ ತಿಂದಿರಲಿಲ್ಲ. ಬೆಳಗಿನ ಶುಗರ್ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿದ್ದರು. ಎಲ್ಲ ಮಾತ್ರೆಗಳೂ ಹಾಗಲ್ಲ, ಆದರೆ ಅವರದು ಹೊಟ್ಟೆಗೆ ಏನೂ ಬೀಳದಿದ್ದರೂ ಸಕ್ಕರೆ ಇಳಿಸುತ್ತಲೇ ಇರುವ ಬಗೆ. ಮತ್ತೆ ಇಳಿಯಬಹುದೆಂದು ಡಾಕ್ಟರು ಅವರನ್ನು ಮನೆಗೆ ಕಳಿಸದೆ ವಾರ್ಡಿನಲ್ಲೇ ಇಟ್ಟುಕೊಂಡಿದ್ದರು.

"ನನ್ನ ಒಂದು ಮಾತು ಕೇಳ್ಬಾರದಿತ್ತಾ ಚಿಕ್ಕಮ್ಮ?"

"ನೀನೇ ಹೇಳಿದ್ಮೇಲೆ ನಿನ್ನ ಕೇಳೋದೇನು?"

ಈಗ ಪರದೆಯ ಮೇಲೆ ಹಳದಿ ಅಕ್ಷರ ಸಿಡಿಯಿತು: ಊಟ ಬಿಡಿ, ಶುಗರ್ ಓಡಿಸಿ! ಅದರ ಹಿಂದೆಯೇ ಅಕ್ಕ: "ತೂಕ ಇಳಿಯಬಹುದು, ಶುಗರ್ ಹತೋಟಿಗೂ ಸಹಾಯ ಆಗಬಹುದು." ಅವಳು ಆಡಿದ ಮಾತು "ಕೆಲವರಿಗೆ" ಎಂದು ಶುರುವಾಗಿತ್ತು. ಅದು ಹೋಗಿತ್ತು. "ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳೋರು ಡಾಕ್ಟರನ್ನ ಕೇಳದೆ ಇದನ್ನ ಮಾಡಲೇಬಾರದು" ಎಂದು ಮುಗಿದಿತ್ತು. ಅದೂ ಹೋಗಿತ್ತು. ಬದಲಿಗೆ ಮಾಸ್ಟರ್ ತೋಳು ಉಬ್ಬಿಸಿ ನಗುತ್ತಿದ್ದರು.

"ಹೋಗಿಲ್ಲಕ್ಕ, ಇಲ್ಲಿದೆ ನೋಡು." ತಮ್ಮ ಪರದೆಯ ಬುಡಕ್ಕೆ ಬೆರಳಿಟ್ಟ. ಅಲ್ಲಿ ಬಿಳಿಯ ಸಣ್ಣ ಅಕ್ಷರದಲ್ಲಿ ಎಚ್ಚರಿಕೆ ಇತ್ತು, ಒಂದು ಒತ್ತೂ ತಪ್ಪದೆ. "ನಿನಗೆ ತೋರ್ಸೇ ಹಾಕಿದ್ದು. ಚಪ್ಪಲಿ ಮೆಟ್ಕೊಂಡು ನಿಂತೇ ನೋಡಿ, ಸರಿ ಹಾಕು ಅಂದೆ."

ಅಂದಿದ್ದಳು. ಇದೇ ಲ್ಯಾಪ್‌ಟಾಪಿನಲ್ಲಿ ನೋಡಿ, ಅಕ್ಷರ ಚಿಕ್ಕದಾಯಿತು ಅನ್ನಿಸಿದರೂ ಅಂದಿದ್ದಳು.

ಅವಳು ತನ್ನ ಫೋನಿನಲ್ಲಿ ಅದೇ ವಿಡಿಯೋ ತೆರೆದು ಲ್ಯಾಪ್‌ಟಾಪಿನ ಪಕ್ಕಕ್ಕೆ ಹಿಡಿದಳು. ಎಚ್ಚರಿಕೆ ಇರಬೇಕಾದ ಜಾಗದಲ್ಲಿ ಜಿಮ್ಮಿನ ಹೆಸರು, ಅದರ ಕೆಳಗೆ ಮಾಸ್ಟರ್ ಬರೆದ ಎರಡು ಸಾಲು, ಅದರ ಕೆಳಗೆ ಹಿನ್ನೆಲೆ ಹಾಡಿನ ವಿವರ. ಇಷ್ಟೆಲ್ಲದರ ಅಡಿಯಲ್ಲಿ ಬಿಳಿ ಅಕ್ಷರದ ತಲೆಗಳು ನೀರೊಳಗಿನ ಹುಲ್ಲಿನಂತೆ ಇಣುಕುತ್ತಿದ್ದವು.

"ಫೋನಲ್ಲಿ ಮುಚ್ಚಿಹೋಗಿದೆ" ಎಂದಳು.

"ಅದು ಆ್ಯಪಿನವರು ಹಾಕೋದು. ನಾನೇನ್ ಮಾಡ್ಲಿ?"

ಅವಳು ಬಗ್ಗಿ ಲ್ಯಾಪ್‌ಟಾಪನ್ನು ಮತ್ತೆ ನೋಡಿದಳು. ಚಿತ್ರದ ಮೇಲೆ ಅಡ್ಡಕ್ಕೆ ತೆಳುವಾದ ಕೆಂಪು ಗೆರೆಯೊಂದಿತ್ತು. ಮೊದಲ ಸಲ ಕಾಣಿಸಿತು.

"ಈ ಗೆರೆ ಏನು?"

"ಏನಿಲ್ಲ. ಅಳತೆಗೆ."

"ಯಾವ ಅಳತೆಗೆ?"

ತಮ್ಮ ಕುರ್ಚಿಯನ್ನು ಅತ್ತಿತ್ತ ತಿರುಗಿಸಿದ. "ಅದರ ಕೆಳಗೆ ಬಂದಿದ್ದು ಫೋನಲ್ಲಿ ಮುಚ್ಚಿಹೋಗುತ್ತೆ. ಮುಖ್ಯವಾದ್ದೆಲ್ಲ ಮೇಲೆ ಬರಲಿ ಅಂತ."

ಜಿಮ್ಮಿಗೆ ಈ ತಿಂಗಳು ಸೇರುವವರಿಗೆ ರಿಯಾಯಿತಿ ಎಂಬ ಸಾಲು ಗೆರೆಗಿಂತ ಎರಡು ಬೆರಳು ಮೇಲಿತ್ತು, ಸುತ್ತ ಚೌಕಟ್ಟು ಕಟ್ಟಿಕೊಂಡು.

"ಗೊತ್ತಿತ್ತು ನಿಂಗೆ."

"ಅಕ್ಕ, ನೀನು ಎಚ್ಚರಿಕೆ ಹೇಳೋಕೆ ಶುರು ಮಾಡಿದ ಕೂಡ್ಲೇ ಜನ ಬೆರಳಾಡಿಸಿ ಮುಂದಕ್ಕೆ ಹೋಗ್ತಾರೆ. ಮೊದಲ ಮೂರು ಸೆಕೆಂಡಲ್ಲಿ ಹಿಡೀಬೇಕು, ಹಿಡಿದ್ಮೇಲೆ ಬಿಡಬಾರ್ದು. ಎಲ್ಲರೂ ಹೀಗೇ ಮಾಡೋದು. ಗೊತ್ತಿತ್ತು ಅಂದ್ರೆ... ಚಿಕ್ಕಮ್ಮ ನೋಡ್ತಾರೆ ಅಂತ ಗೊತ್ತಿರ್ಲಿಲ್ಲ."

"ಬೇರೆ ಯಾರಾದ್ರೂ ಆಗಿದ್ರೆ ಪರವಾಗಿಲ್ಲ?"

ಅವನು ಮೂಗು ಒರೆಸಿಕೊಂಡ. ಅವನ ಕಣ್ಣು ಒದ್ದೆಯಾಗಿದ್ದು ಅವಳಿಗೆ ಕಂಡಿತು. ಸಮಾಧಾನ ಮಾಡಬೇಕು ಅನ್ನಿಸಲಿಲ್ಲ.

ಮಧ್ಯಾಹ್ನ ಮಾಸ್ಟರ್ ಬಂದರು. ಬಾಗಿಲಿಗೆ ಅಡ್ಡಲಾಗುವಷ್ಟು ಅಗಲದ ಮನುಷ್ಯ, ದನಿ ಮಾತ್ರ ಸಣ್ಣದು. "ಡಾಕ್ಟರಮ್ಮ, ಕೇಳಿ ತುಂಬಾ ಬೇಜಾರಾಯ್ತು."

"ಡಾಕ್ಟರಮ್ಮ ಅನ್ಬೇಡಿ ಅಂತ ಎಷ್ಟು ಸಲ ಹೇಳೋದು ಮಾಸ್ಟರೇ? ನಾನು ಡಾಕ್ಟರಲ್ಲ."

"ಜನಕ್ಕೆ ಬಿಳಿ ಕೋಟು ಹಾಕಿದ್ರೆ ಸಾಕು, ಡಾಕ್ಟರೇ. ಹೋಗ್ಲಿ ಬಿಡಿ. ಕಾಮೆಂಟಲ್ಲಿ ಎಲ್ಲಕ್ಕಿಂತ ಮೇಲೆ ಬರೋ ಹಾಗೆ ಎಚ್ಚರಿಕೆ ಹಾಕ್ಸೋಣ. ವಿಡಿಯೋ ಇರ್ಲಿ, ಚೆನ್ನಾಗಿ ಓಡ್ತಿದೆ."

"ತೆಗೀರಿ. ನನ್ನ ಮುಖ ಅದರಲ್ಲಿ ಒಂದು ನಿಮಿಷವೂ ಇರಬಾರ್ದು. ತಪ್ಪಾಗಿದೆ ಅಂತ ಹೊಸದೊಂದು ಹಾಕಿ, ಅಷ್ಟೇ ದೊಡ್ಡ ಅಕ್ಷರದಲ್ಲಿ. ಎಚ್ಚರಿಕೆ ಮೊದಲು, ಬಾಯಲ್ಲಿ ಹೇಳಿ."

ಮಾಸ್ಟರ್ ತಮ್ಮನನ್ನು ನೋಡಿದರು. ತಮ್ಮ ನೆಲ ನೋಡಿದ. ತೆಗೆದರು.

ಹೊಸದಕ್ಕೆ ಅವಳು ಬಿಳಿ ಕೋಟು ಹಾಕಿಕೊಳ್ಳಲಿಲ್ಲ. "ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ತೀರಾ? ಹಾಗಾದ್ರೆ ಊಟ ಬಿಡಬೇಡಿ, ಮಾತ್ರೆನೂ ನೀವಾಗಿ ಬಿಡಬೇಡಿ. ಮೊದಲು ನಿಮ್ಮ ಡಾಕ್ಟರನ್ನ ಕೇಳಿ. ನಮ್ಮ ಹಿಂದಿನ ವಿಡಿಯೋದಲ್ಲಿ ಈ ಮಾತು ಮುಚ್ಚಿಹೋಗಿತ್ತು. ಶುಗರ್ ಓಡಿಸಿ ಅಂತ ಹಾಕಿದ್ದೂ ತಪ್ಪು." ಕೈಕಾಲು ನಡುಕ, ಬೆವರು, ತಲೆಸುತ್ತು ಬಂದರೆ ಕೂಡಲೇ ಸಕ್ಕರೆ ನೀರೋ ಹಣ್ಣಿನ ರಸವೋ ಕುಡಿಯಬೇಕು, ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು ಎಂದೂ ಹೇಳಿದಳು. ತಮ್ಮ ಒಂದು ಉಸಿರನ್ನೂ ಕತ್ತರಿಸಲಿಲ್ಲ. ಅಕ್ಷರಗಳನ್ನು ನಟ್ಟನಡುವೆ ಇಟ್ಟ.

ಅದನ್ನು ಹೆಚ್ಚು ಜನ ನೋಡಲಿಲ್ಲ. ನೋಡಿದವರಲ್ಲೂ ಹಲವರು ಅರ್ಧದಲ್ಲೇ ಬೆರಳಾಡಿಸಿ ಮುಂದಕ್ಕೆ ಹೋದರು. ಔಷಧ ಕಂಪನಿಯವರು ಎಷ್ಟು ಕೊಟ್ಟರು ಎಂದು ಒಬ್ಬ ಕೇಳಿದ. ಮೊದಲು ಚೆನ್ನಾಗಿ ಮಾತಾಡುತ್ತಿದ್ದಿರಿ ಎಂದು ಇನ್ನೊಬ್ಬಳು ಬರೆದಳು. ಅಳಿಸಿದ್ದ ಹಳೆಯದು ಮಾತ್ರ ಯಾರುಯಾರದೋ ಖಾತೆಗಳಲ್ಲಿ, ಯಾವ್ಯಾವುದೋ ಹಾಡು ಹೊದ್ದುಕೊಂಡು ಓಡಾಡುತ್ತಿತ್ತು. ಎಲ್ಲ ಕಡೆ ಅವಳ ಮುಖ. ಅವಳು ಒಂದೊಂದನ್ನೇ ಹುಡುಕಿ ದೂರು ಒತ್ತುತ್ತಿದ್ದಳು. ಒಂದು ಹೋದರೆ ಇನ್ನೊಂದು ಏಳುತ್ತಿತ್ತು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಅವಳ ಕೈ ಹಿಡಿದು, "ನಿಮ್ಮಿಂದ ನಮ್ಮ ಯಜಮಾನ್ರು ಊಟ ಬಿಟ್ಟಿದ್ದಾರೆ" ಎಂದು ಸಂತೋಷದಿಂದ ಹೇಳಿದಳು. ಅವಳನ್ನು ಅಲ್ಲೇ ಕೂರಿಸಿ, ಯಜಮಾನರಿಗೆ ಫೋನ್ ಹಚ್ಚಿಸಿ, ಯಾವ ಮಾತ್ರೆ ಎಂದು ಕೇಳಿ, ಊಟ ಮಾಡಿ ಡಾಕ್ಟರನ್ನು ಕಾಣಲು ಒಪ್ಪಿಸುವಷ್ಟರಲ್ಲಿ ಅಕ್ಕನ ಊಟದ ಹೊತ್ತು ಮುಗಿದಿತ್ತು.

ಮಾಸ್ಟರಿಗೆ ದಾರಿ ಹೊಳೆಯಿತು. "ನಿಮ್ಮ ಚಿಕ್ಕಮ್ಮ ಮಾತಾಡ್ಲಿ. ಕೈಗೆ ಬ್ಯಾಂಡೇಜು, ಕಣ್ಣಲ್ಲಿ ನೀರು. ಸಾವಿನ ಬಾಯಿಂದ ಎದ್ದು ಬಂದೆ ಅಂತ ಶುರು ಮಾಡ್ಲಿ. ಹಳೇದಕ್ಕಿಂತ ಜಾಸ್ತಿ ಓಡುತ್ತೆ."

"ಮತ್ತೆ ಉತ್ಪ್ರೇಕ್ಷೆನಾ?" ಎಂದಳು.

ಎಂದಳು, ಆದರೆ ಆ ಮಾತು ಅವಳೊಳಗೆ ಕೂತುಬಿಟ್ಟಿತು. ಕೆಲಸದ ನಡುವೆ ಚಿಕ್ಕಮ್ಮನ ಮುಖವನ್ನು ಚೌಕಟ್ಟಿನೊಳಗೆ ಇಟ್ಟು ನೋಡುತ್ತಿದ್ದಳು. ಬ್ಯಾಂಡೇಜು ಕಾಣಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಳು. ಕಾಣಲಿ, ನಿಜವೇ ತಾನೇ, ಎಂದುಕೊಂಡಳು. ಹಾಗೆಂದುಕೊಂಡ ದಿನ ತಮ್ಮನನ್ನು ಕರೆದುಕೊಂಡು ಚಿಕ್ಕಮ್ಮನ ಬ್ಯೂಟಿ ಪಾರ್ಲರಿಗೆ ಹೋದಳು.

ಚಿಕ್ಕಮ್ಮ ಗಿರಾಕಿಗಳ ಕುರ್ಚಿಯಲ್ಲಿ ತಾವೇ ಕೂತಿದ್ದರು. ಪ್ಲಾಸ್ಟರ್ ಕಟ್ಟಿದ ಕೈ ಮಡಿಲಲ್ಲಿ ಮಲಗಿತ್ತು. ಹುಬ್ಬು ತೀಡುವ ದಾರದುಂಡೆ, ಕತ್ತರಿಗಳು, ಬಾಚಣಿಗೆಗಳೆಲ್ಲ ಒಂದು ಟವೆಲ್ಲಿನ ಕೆಳಗಿದ್ದವು.

"ಬಾರೋ ನಿರ್ದೇಶಕ" ಎಂದರು ತಮ್ಮನಿಗೆ. "ನಾನು ಬಿದ್ದಿದ್ದಕ್ಕೆ ಹಾಡು ಯಾವುದು ಹಾಕ್ತೀಯಾ?"

ತಮ್ಮ ಬಾಗಿಲ ಹತ್ತಿರವೇ ನಿಂತ.

"ಚಿಕ್ಕಮ್ಮ, ಒಂದೇ ಒಂದು ನಿಮಿಷದ್ದು" ಎಂದು ಅಕ್ಕ ಶುರು ಮಾಡಿದಳು. "ಉತ್ಪ್ರೇಕ್ಷೆ ಇಲ್ಲ. ಏನಾಯ್ತೋ ಅಷ್ಟೇ. ಮಾತ್ರೆ ನುಂಗಿದೆ, ಊಟ ಬಿಟ್ಟೆ, ಬಿದ್ದೆ. ನೀನು ಹೇಳಿದ್ರೆ ಜನ ಕೇಳ್ತಾರೆ. ನಾನು ಹೇಳಿದ್ರೆ ಕೇಳ್ತಿಲ್ಲ."

"ಆಗ ಕೇಳಿದ್ರಲ್ಲ."

ಅಕ್ಕ ಟವೆಲ್ಲು ಹೊದ್ದ ಸಾಮಾನಿನತ್ತ ಕೈ ತೋರಿಸಿದಳು. "ಮಾಸ್ಟರ್ ನಿನ್ನ ಕೈ ಸರಿಹೋಗೋವರೆಗೆ ಇಲ್ಲಿಗೆ ಕೆಲಸ ಗೊತ್ತಿರೋ ಒಬ್ಬಳನ್ನ ಕಳಿಸ್ತೀನಿ ಅಂದಿದ್ದಾರೆ. ಸಂಬಳ ಅವರೇ ಕೊಡ್ತಾರಂತೆ. ಪಾರ್ಲರ್ ಮುಚ್ಚೋದು ಬೇಡ."

"ಒಳ್ಳೇ ಮನುಷ್ಯ. ನಿನ್ನ ವಿಡಿಯೋನ ನಾನು ಎಷ್ಟು ಜನಕ್ಕೆ ಕಳಿಸಿದ್ದೆ ಗೊತ್ತಾ? ಈ ಕುರ್ಚಿಯಲ್ಲಿ ಕೂತವರಿಗೆಲ್ಲ. ಹುಬ್ಬು ತೀಡ್ತಾ ತೀಡ್ತಾ, ನೋಡಿ ನಮ್ಮ ಹುಡುಗಿ ಅಂತ." ಚಿಕ್ಕಮ್ಮ ಕನ್ನಡಿಯಲ್ಲೇ ಅವಳನ್ನು ನೋಡುತ್ತಿದ್ದರು, ತಿರುಗಲಿಲ್ಲ. "ಆಸ್ಪತ್ರೆಯಿಂದ ಬಂದ್ಮೇಲೆ ಎಡಗೈಲಿ ಒಬ್ಬೊಬ್ಬರಿಗೂ ಫೋನ್ ಮಾಡ್ದೆ. ನಮ್ಮ ಹುಡುಗಿ ಹೇಳಿದ್ದು ಪೂರ್ತಿ ಬಂದಿಲ್ಲ, ಮಾತ್ರೆ ತಗೊಳ್ಳೋರು ಮಾಡ್ಬೇಡಿ ಅಂದೆ. ಒಬ್ಬಳು ನಕ್ಕಳು. ಒಬ್ಬಳು ಬೈದಳು, ಇನ್ಮೇಲೆ ಬರಲ್ಲ ಅಂದ್ಲು. ಒಬ್ಬಳಿಗೆ ತೂಕ ಇಳಿದಿದೆಯಂತೆ, ಬಿಡಲ್ಲ ಅಂದ್ಲು. ಅವಳಿಗೆ ನಾಳೆ ಮತ್ತೆ ಮಾಡ್ತೀನಿ."

"ಅದೇ ಚಿಕ್ಕಮ್ಮ, ಹಾಗೆ ಫೋನಲ್ಲಿ ಎಷ್ಟು ಜನಕ್ಕೆ ಹೇಳೋಕಾಗುತ್ತೆ? ಇದಾದ್ರೆ ಲಕ್ಷಾಂತರ ಜನ ನೋಡ್ತಾರೆ. ಕತ್ತರಿಸಲ್ಲ, ನಾನು ಪಕ್ಕದಲ್ಲೇ ಕೂತಿರ್ತೀನಿ. ಫೋನಲ್ಲೇ ನೋಡಿ ಆಮೇಲೆ ಹಾಕ್ತೀವಿ. ನಿಂಗೆ ಸರಿ ಅನ್ನಿಸದಿದ್ರೆ ಹಾಕಲ್ಲ."

ತಮ್ಮ ಬಾಗಿಲ ಹತ್ತಿರದಿಂದ ಮೆಲ್ಲಗೆ ಸೇರಿಸಿದ, "ಅಳೋದೂ ಬೇಡ ಚಿಕ್ಕಮ್ಮ."

ಚಿಕ್ಕಮ್ಮ ಎಡಗೈಯಿಂದ ಕುರ್ಚಿಯ ಹಿಡಿಕೆ ಒತ್ತಿ ಎದ್ದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಅಕ್ಕನ ಪ್ರಾಣ ಹಿಂಡಿದ್ದೇ ಅದು.

"ನಾನು ಕಳಿಸಿದವರಿಗೆ ನಾನು ಹೇಳ್ತಿದ್ದೀನಿ. ನೀವು ಕಳಿಸಿದವರಿಗೆ ನೀವು ಹೇಳ್ಕೊಳ್ಳಿ."

"ಚಿಕ್ಕಮ್ಮ, ಯಾರಿಗಾದ್ರೂ ಏನಾದ್ರೂ ಆದ್ರೆ? ಒಂದು ಸಲ ಯೋಚನೆ ಮಾಡು. ಪಾರ್ಲರಿಗೂ..."

"ಬೇಡ" ಎಂದರು ಚಿಕ್ಕಮ್ಮ. "ಮಾಸ್ಟರ್ ಕಳಿಸೋ ಹುಡುಗೀನೂ ಬೇಡ, ವಿಡಿಯೋನೂ ಬೇಡ. ನಾನು ಮಾಡಲ್ಲ."