ವರ್ಗಾವಣೆ ನೀತಿಯ ಒಂದು ಪುಟ

ನಮ್ಮ ಆಡಳಿತ ವಿಭಾಗದ ಮ್ಯಾನೇಜರಿಗೆ ಕಾರ್ಖಾನೆಯವರು ಇಟ್ಟ ಹೆಸರು ‘ಒಂದ್ಪುಟ’. ಏನು ತೆಗೆದುಕೊಂಡು ಹೋದರೂ ‘ಒಂದು ಪುಟಕ್ಕೆ ಇಳಿಸ್ರೀ’ ಎನ್ನುವ ಆಸಾಮಿ. ಎರಡನೇ ಪುಟ ತಿರುವುವಷ್ಟರಲ್ಲಿ ಅವರಿಗೆ ಆಕಳಿಕೆ ಬರುತ್ತಿತ್ತು. ಆ ಸೋಮಾರಿತನಕ್ಕೆ ‘ಸಿಬ್ಬಂದಿಗೆ ಅನುಕೂಲ’ ಎಂದು ಬಣ್ಣ ಬಳಿಯುತ್ತಿದ್ದರು. ಇಂಥವರ ಕೈಕೆಳಗೆ ನಾನು ಹನ್ನೆರಡು ವರ್ಷ ಗುಮಾಸ್ತಿಕೆ ಮಾಡಿದ್ದೇನೆ, ನನ್ನ ಹಣೆಬರಹ!

ಹನ್ನೊಂದು ಮಂದಿಯನ್ನು ದೂರದ ಹೊಸ ಘಟಕಕ್ಕೆ ಎತ್ತಿಹಾಕಿದಾಗ ನಲವತ್ತೆರಡು ಪುಟದ ವರ್ಗಾವಣೆ ನೀತಿ ನನ್ನ ಮೇಜಿಗೆ ಬಂತು. ಬರೆದವನಿಗೇ ಅರ್ಥವಾಗಿರಲಿಕ್ಕಿಲ್ಲ, ಅಂಥ ಭಾಷೆ. ಮೂರು ಸಲ ಓದಿ, ಯಾರಿಗೆ ಏನು ಸಿಗುತ್ತದೆ ಎಂಬುದನ್ನು ಒಂದು ಪುಟಕ್ಕೆ ಹಿಂಡಿ ತೆಗೆದೆ. ಸಾಮಾನು ಸಾಗಣೆ: ಪ್ಯಾಕಿಂಗ್ ಮತ್ತು ಲಾರಿ ಖರ್ಚು, ರಸೀದಿ ಇದ್ದಷ್ಟು, ಆಯಾ ದರ್ಜೆಯ ಮಿತಿಯೊಳಗೆ. ತಾತ್ಕಾಲಿಕ ವಸತಿ: ಹೊಸ ಊರು ತಲುಪಿದ ದಿನದಿಂದ ಹದಿನೈದು ದಿನ ಅತಿಥಿಗೃಹ. ಕೆಲಸಕ್ಕೆ ಸೇರುವ ಅವಧಿ: ಇಲ್ಲಿಂದ ಬಿಡುಗಡೆಯಾದ ಮರುದಿನದಿಂದ ಏಳು ಕೆಲಸದ ದಿನ, ಪ್ರಯಾಣದ ದಿನ ಬೇರೆ. ಸ್ವಂತ ಕೋರಿಕೆಯ ವರ್ಗಾವಣೆಗೆ ಇದ್ಯಾವುದೂ ಇಲ್ಲ. ಕೊನೆಗೆ ಇನ್ನೊಂದು ಸಾಲು: ಅವಲಂಬಿತರು ನಡೆಯಲಾಗದವರಾದರೆ ವಸತಿ ಇನ್ನೂ ಮೂವತ್ತು ದಿನ, ಆದರೆ ಅರ್ಜಿ ಬಿಡುಗಡೆಗೆ ಮೊದಲೇ ಕೊಟ್ಟಿರಬೇಕು.

ಒಂದ್ಪುಟ ಆ ಸಾಲಿನ ಮೇಲೆ ಬೆರಳಿಟ್ಟರು.

‘ಇದ್ಯಾಕ್ರೀ ಇಲ್ಲಿ? ತೋರಿಸಿದ್ರೆ ಎಲ್ರೂ ಅಜ್ಜಿ ತಾತನ್ನ ಎತ್ಕೊಂಡ್ ಬರ್ತಾರೆ. ತೆಗೀರಿ.’

‘ಸಾರ್, ನೀತೀಲಿದೆಯಲ್ಲ…’

‘ಅಲ್ಲೇ ಇರ್ಲಿ. ಬೇಕಾದೋರು ಓದ್ಕೊಳ್ತಾರೆ.’

ಆ ನೀತಿ ಇದ್ದದ್ದು ಅವರದೇ ಕಪಾಟಿನಲ್ಲಿ, ಬೀಗ ಹಾಕಿ. ನಾನು ಸಾಲು ಅಳಿಸಿದೆ. ಖಾಲಿಯಾದ ಜಾಗಕ್ಕೆ ಕಂಪನಿಯ ಲಾಂಛನ ದೊಡ್ಡದು ಮಾಡಿಸಿದರು ಮಹಾನುಭಾವರು. ‘ಈಗ ನೋಡಿ, ಹೇಗ್ ಕಾಣುತ್ತೆ!’ ಎಂದು ಹಲ್ಲು ಕಿರಿದರು. ನಾನೂ ಕಿರಿದೆ.

ಆ ಹನ್ನೊಂದು ಮಂದಿಯಲ್ಲಿ ಲ್ಯಾಬಿನ ಹೆಂಗಸೊಬ್ಬಳಿದ್ದಳು. ತಾಯಿ ಗಾಲಿಕುರ್ಚಿಯಲ್ಲಿ, ಮನೆಯಲ್ಲಿ ಬೇರೆ ಯಾರೂ ಇಲ್ಲ. ಹೊಸ ಊರಿನಲ್ಲಿ ಮನೆಗಾಗಿ ಇಲ್ಲಿಂದಲೇ ಫೋನಿನಲ್ಲಿ ಎರಡು ವಾರ ಹುಡುಕಿದರೂ ಸಿಕ್ಕಿದ್ದೆಲ್ಲ ಮೆಟ್ಟಿಲಿನ ಮನೆಗಳು. ಕೊನೆಗೆ ನೆಲಮಹಡಿಯ ಮನೆಯೊಂದು ಗೊತ್ತಾಯಿತು, ಆದರೆ ಖಾಲಿಯಾಗುವುದು ಇನ್ನೂ ಒಂದು ತಿಂಗಳಿಗೆ. ಅತಿಥಿಗೃಹದ ಹದಿನೈದು ದಿನ ಮುಗಿದ ಮೇಲೆ ಆ ಮುದುಕಿಯನ್ನು ಎಲ್ಲಿ ಇಡುವುದು?

ಬಿಡುಗಡೆಯ ದಿನ ಮಧ್ಯಾಹ್ನ ಮೂರೂವರೆಗೆ ಬಂದಳು. ಐದಕ್ಕೆ ಪತ್ರ ಕೈಗೆ ಕೊಡಬೇಕಿತ್ತು.

‘ಸಾರ್, ಅಮ್ಮನ್ನ ಮೆಟ್ಲು ಹತ್ತಿಸೋಕಾಗಲ್ಲ. ವಸತಿ ಇನ್ನಷ್ಟು ದಿನ ಸಿಗೋ ದಾರಿ ಇದ್ಯಾ?’

ಒಂದ್ಪುಟ ಆ ಪುಟವನ್ನೇ ಅವಳ ಮುಂದೆ ತಳ್ಳಿದರು. ‘ಇದ್ರಲ್ಲಿ ಇರೋದಷ್ಟೇ ಮೇಡಂ. ಹದಿನೈದು ಅಂದ್ರೆ ಹದಿನೈದು. ನಾವೇನು ಧರ್ಮಛತ್ರ ನಡೆಸ್ತಿಲ್ಲ.’

ಥೂ, ಇದೊಂದು ಬಾಯಾ ಎನಿಸಿತು. ಅವಳು ನನ್ನ ಕಡೆ ತಿರುಗಿದಳು.

‘ಅಣ್ಣಾ, ನೀವು ಪೂರ್ತಿ ಓದಿರೋರು. ನೀವು ಹೇಳಿ. ಬೇರೇನೂ ಇಲ್ವಾ?’

ಒಂದ್ಪುಟ ನನ್ನನ್ನೇ ನೋಡುತ್ತಿದ್ದರು. ಮುಂದಿನ ತಿಂಗಳು ನನ್ನ ಬಡ್ತಿಯ ಕಡತಕ್ಕೆ ಅವರ ಸಹಿ ಬೀಳಬೇಕಿತ್ತು. ಮೇಜಿನ ಮೇಲಿನ ಗುಂಡುಸೂಜಿಗಳನ್ನು ಸುಮ್ಮನೆ ಜೋಡಿಸಿದೆ.

‘ಇಲ್ಲಮ್ಮ’ ಎಂದೆ. ‘ಇಷ್ಟೇ.’

ಅವಳು ತಲೆಯಾಡಿಸಿದಳು. ಚೀಲದಿಂದ ಎರಡು ಪ್ರತಿ ಅರ್ಜಿ, ವೈದ್ಯರ ಪ್ರಮಾಣಪತ್ರ, ಜೊತೆಗೆ ನೀತಿಯ ಮೂವತ್ತೊಂದನೇ ಪುಟದ ನಕಲು ತೆಗೆದು ಮೇಜಿನ ಮೇಲಿಟ್ಟಳು. ಕೇಂದ್ರ ಕಚೇರಿಗೆ ಬರೆದು ತರಿಸಿಕೊಂಡಿದ್ದಳು.

ಒಂದ್ಪುಟರ ಮುಖ ಹುಳ್ಳಗಾಯಿತು. ‘ಓಹೋ, ಇದೊಂದು ಇತ್ತು ಅಲ್ವಾ… ನಮ್ ಗುಮಾಸ್ತರು ಸಾರಾಂಶದಲ್ಲಿ ಬಿಟ್ಬಿಟ್ಟಿದ್ದಾರೆ ನೋಡಿ!’

ನಾಚಿಕೆಗೆಟ್ಟ ಮನುಷ್ಯ. ಇಲ್ಲ ಸಾರ್, ನೀವೇ ತೆಗೆಸಿದ್ದು ಎಂಬ ಮಾತು ನಾಲಿಗೆ ತುದಿಗೆ ಬಂತು, ಅಲ್ಲೇ ಸತ್ತಿತು.

ಅವಳು ಅವರತ್ತ ನೋಡಲೂ ಇಲ್ಲ. ‘ಮಂಜೂರು ಮಾಡೋದು ಕೇಂದ್ರ ಕಚೇರಿಯೋರು. ನೀವು ತಗೊಂಡಿದ್ದೀರಿ ಅಂತ ಸೀಲ್ ಹಾಕಿ, ಟೈಮ್ ಬರೆದ್ರೆ ಸಾಕು’ ಎಂದು ಎರಡನೇ ಪ್ರತಿಯನ್ನು ನನ್ನ ಮುಂದೆ ಸರಿಸಿದಳು.

ಮೂರು ನಲವತ್ತು ಎಂದು ಬರೆದು ಸೀಲು ಒತ್ತಿದೆ. ಸೀಲು ಸೊಟ್ಟಗೆ ಬಿತ್ತು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

‘ಬಿಡುಗಡೆ ಪತ್ರಕ್ಕೆ ಐದು ಗಂಟೆಗೆ ಬರ್ತೀನಿ’ ಎಂದು ಅವಳು ಪ್ರತಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಎಂಟು ವರ್ಷದಿಂದ ನನ್ನನ್ನು ಅಣ್ಣಾ ಎನ್ನುತ್ತಿದ್ದವಳು ಬಾಗಿಲ ಬಳಿ ನಿಂತು, ‘ಥ್ಯಾಂಕ್ಸ್ ಸಾರ್’ ಎಂದಳು.